ದೊಡ್ಡ ಸೋಫಾ ಆನ್‌ಲೈನ್‌ನಲ್ಲಿ ತರಿಸುವಾಗ: ಟೇಪು ಹಿಡಿಯುವುದರಿಂದ ಓಟಿಪಿ ಕೊಡುವ ತನಕ

"ಸೋಫಾ ಬಾಗಿಲ ತನಕ ಬಂತು, ಒಳಗ ಹೋಗವಲ್ದು, ಈಗ ಏನ್ ಮಾಡ್ಲಿ?" ಹುಬ್ಬಳ್ಳಿ-ಧಾರವಾಡದ ಪರಿಚಯದವರಿಂದ ನನಗೆ ಮತ್ತೆ ಮತ್ತೆ ಬರುವ ಕರೆ ಇದು. ಕರೆ ಮಾಡಿದವರೆಲ್ಲ ಅಳತೆ ತೆಗೆದುಕೊಂಡವರೇ. ಆದರೆ ಅವರು ಅಳೆದದ್ದು ಸೋಫಾ ಇಡುವ ಜಾಗವನ್ನು, ಅದು ಬರುವ ದಾರಿಯನ್ನಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿರುವ ನನ್ನ ಅಕ್ಕನಿಗೂ ಹೀಗೇ ಆಯಿತು. ಹಾಲ್‌ನಲ್ಲಿ ಎಂಟು ಅಡಿ ಗೋಡೆ ಖಾಲಿ ಇತ್ತು, ಏಳು ಅಡಿಯ ಮೂರು ಸೀಟಿನ ಸೋಫಾ ಆರ್ಡರ್ ಮಾಡಿದಳು. ಸೋಫಾ ಮೇಲಿನ ಬಾಗಿಲ ತನಕ ಏರಿ ಬಂದು ಚೌಕಟ್ಟಿಗೆ ಸಿಕ್ಕಿಕೊಂಡಿತು. ವಾಪಸ್ ಕಳಿಸಿದಾಗ ಮಾರಾಟಗಾರರು ಸಾಗಣೆ ವೆಚ್ಚ ಮುರಿದುಕೊಂಡು ಉಳಿದ ಹಣ ಕೊಟ್ಟರು, ಏಕೆಂದರೆ ವಸ್ತುವಿನಲ್ಲಿ ದೋಷ ಇರಲಿಲ್ಲ. ಎರಡನೇ ಸಲ ಅದೇ ಮನೆಗೆ, ಅದೇ ಬಾಗಿಲಲ್ಲಿ, ಅಷ್ಟೇ ಉದ್ದದ ಸೋಫಾ ಸಲೀಸಾಗಿ ಒಳಗೆ ಹೋಯಿತು. ಎರಡನೇ ಸಲ ಮಾಡಿದ ಕೆಲಸವನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಸೋಫಾ ಇಷ್ಟವಾದ ಮೇಲೆ ಅಳತೆ ತೆಗೆಯಲು ಹೋದರೆ ಕೈ ತಾನಾಗಿಯೇ ಟೇಪನ್ನು ಒಂದಿಂಚು ಸಡಿಲ ಬಿಡುತ್ತದೆ.

ಬೇಕಾಗುವ ಸಾಮಾನು

5 ಮೀಟರಿನ ಉಕ್ಕಿನ ಟೇಪು, ಪೆನ್ಸಿಲ್, ಒಂದು ನೋಟ್‌ಬುಕ್, ಸೀಮೆಸುಣ್ಣ, ಹಳೆಯ ದಿನಪತ್ರಿಕೆ ಅಥವಾ ರಟ್ಟು, ಫೋನ್. ದರ್ಜಿಯ ಬಟ್ಟೆ ಟೇಪು ಬೇಡ, ಅದು ಎಳೆದಷ್ಟೂ ಹಿಗ್ಗುತ್ತದೆ. ಜೊತೆಗೆ ಇನ್ನೊಬ್ಬರು ಇರಲಿ. ಒಬ್ಬರೇ ಏಳು ಅಡಿ ಅಳೆಯುವಾಗ ಟೇಪಿನ ತುದಿ ಜಾರುತ್ತದೆ, ಅದು ಗೊತ್ತೂ ಆಗುವುದಿಲ್ಲ.

1. ಬಾಗಿಲು: ಚೌಕಟ್ಟಿನ ಒಳಗಿನ ಖಾಲಿ ಜಾಗ ಮಾತ್ರ

"ನಮ್ಮದು ಮೂರಡಿ ಬಾಗಿಲು" ಎನ್ನುವ ಮಾತನ್ನು ನಂಬಬೇಡಿ. ಬಡಿಗೇರರು ಮತ್ತು ಗೌಂಡಿಗಳು ಮೂರಡಿ ಎನ್ನುವುದು ಸಾಮಾನ್ಯವಾಗಿ ಚೌಕಟ್ಟನ್ನೂ ಸೇರಿಸಿ. ಎರಡೂ ಬದಿಯ ಚೌಕಟ್ಟಿನ ಕಟ್ಟಿಗೆ ಎರಡೂವರೆ ಇಂಚು ದಪ್ಪ ಇದ್ದರೆ 36 ಇಂಚಿನಲ್ಲಿ ಉಳಿಯುವುದು 31. ಅಕ್ಕನ ಮನೆಯ ಬಾಗಿಲು ಸರಿಯಾಗಿ ಹೀಗೇ ಇತ್ತು.

ಕದವನ್ನು ಪೂರ್ತಿ ತೆರೆದು, ಚೌಕಟ್ಟಿನ ಒಳ ಅಂಚಿನಿಂದ ಒಳ ಅಂಚಿಗೆ ಮೂರು ಕಡೆ ಅಳೆಯಿರಿ: ಹೊಸ್ತಿಲ ಹತ್ತಿರ, ನಡುವೆ, ಮೇಲೆ. ಹಳೆಯ ಮನೆಗಳಲ್ಲಿ ಚೌಕಟ್ಟು ವಾಲಿರುತ್ತದೆ, ಮೂರೂ ಅಳತೆ ಒಂದೇ ಬರುವುದು ಅಪರೂಪ. ಮೂರರಲ್ಲಿ ಚಿಕ್ಕದನ್ನೇ ಬರೆದುಕೊಳ್ಳಿ. ಆಮೇಲೆ ಕದವನ್ನು ನೋಡಿ. ಪಕ್ಕದಲ್ಲಿ ಗೋಡೆ ಇದ್ದು ಕದ ನೇರ ಕೋನಕ್ಕೇ ನಿಲ್ಲುವುದಾದರೆ ಅದರ ದಪ್ಪವೂ ದಾರಿಯನ್ನು ತಿನ್ನುತ್ತದೆ, ಸುಮಾರು ಒಂದೂವರೆ ಇಂಚು. 31 ಇದ್ದದ್ದು ಇಪ್ಪತ್ತೊಂಬತ್ತೂವರೆ ಆಯಿತು. ಹಿಡಿಕೆ, ಚಿಲಕ ಹೊರಗೆ ಚಾಚಿದ್ದರೆ ಅದನ್ನೂ ಕಳೆಯಿರಿ. ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು ಇದ್ದರೆ ಅದಕ್ಕೂ ಬೇರೆಯಾಗಿ ಇದೇ ಲೆಕ್ಕ ಮಾಡಬೇಕು. ಹಲವು ಕಡೆ ಮರದ ಬಾಗಿಲಿಗಿಂತ ಗ್ರಿಲ್ಲೇ ಇಕ್ಕಟ್ಟು.

ಎತ್ತರವನ್ನು ಹೊಸ್ತಿಲ ಮೇಲಿನಿಂದ ಅಳೆಯಿರಿ, ನೆಲದಿಂದಲ್ಲ. ನಮ್ಮ ಕಡೆ ಹೊಸ್ತಿಲು ಎತ್ತರ. ಅಕ್ಕನ ಮನೆಯಲ್ಲಿ ಅದು 81 ಇಂಚು ಬಂತು.

ಕೊನೆಗೆ ಬಾಗಿಲ ಆಚೆ-ಈಚೆ ನೇರ ಜಾಗ ಎಷ್ಟಿದೆ ನೋಡಿ. ಏಳು ಅಡಿಯ ವಸ್ತು ಬಾಗಿಲೊಳಗೆ ತೂರಿದ ಮೇಲೆ ನಾಲ್ಕೇ ಅಡಿಗೆ ಎದುರು ಗೋಡೆ ಇದ್ದರೆ, ಬಾಗಿಲು ಎಷ್ಟೇ ಅಗಲ ಇದ್ದರೂ ಅರ್ಧಕ್ಕೆ ನಿಲ್ಲುತ್ತದೆ.

2. ಮೆಟ್ಟಿಲು: ತಿರುವೇ ನಿಜವಾದ ಪರೀಕ್ಷೆ

ನೆಲಮಹಡಿಯಲ್ಲಿರುವವರು ಈ ಹಂತ ಬಿಡಬಹುದು. ಮೇಲಿರುವವರು ಇಲ್ಲಿಯೇ ಹೆಚ್ಚು ಹೊತ್ತು ಕಳೆಯಬೇಕು.

ಮೆಟ್ಟಿಲಿನ ಅಗಲವನ್ನು ಗೋಡೆಯಿಂದ ರೇಲಿಂಗ್‌ನ ಒಳ ಅಂಚಿನ ತನಕ ಅಳೆಯಿರಿ. ಆಮೇಲೆ ನಡುವಿನ ತಿರುವಿನಲ್ಲಿರುವ ಸಮತಟ್ಟು ಜಾಗದ ಆಳ, ಅಂದರೆ ಕೊನೆಯ ಮೆಟ್ಟಿಲಿನಿಂದ ಎದುರು ಗೋಡೆಗೆ ಎಷ್ಟು. ಮೂರನೆಯದು ಆ ಜಾಗದಿಂದ ಮೇಲಿನ ಸ್ಲ್ಯಾಬ್‌ಗೆ ಇರುವ ಎತ್ತರ. ಅಕ್ಕನ ಮನೆಯಲ್ಲಿ ಇವು ಕ್ರಮವಾಗಿ 34, 40, 108 ಇಂಚು. ತಿರುವಿನಲ್ಲಿ ಕರೆಂಟ್ ಮೀಟರ್ ಬೋರ್ಡು, ಕಿಟಕಿಯ ಸರಳು, ಹೂಕುಂಡ ಇದ್ದರೆ ಅವುಗಳ ಮುಂದಿನಿಂದಲೇ ಅಳೆಯಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಸೋಫಾವನ್ನು ಮಲಗಿಸಿಕೊಂಡೇ ತಿರುಗಿಸಬಹುದು ಅಂದುಕೊಳ್ಳುತ್ತಾರೆ. ಮೂರಡಿ ಅಗಲದ ಮೆಟ್ಟಿಲಿನಲ್ಲಿ ಏಳು ಅಡಿಯ ಸೋಫಾ ಹಾಗೆ ತಿರುಗುವುದಿಲ್ಲ, ಎಷ್ಟೇ ಜನ ಹಿಡಿದರೂ ತಿರುಗುವುದಿಲ್ಲ. ಹಮಾಲರು ಮಾಡುವುದು ಬೇರೆ. ತಿರುವಿಗೆ ಬಂದ ಕೂಡಲೇ ಸೋಫಾವನ್ನು ಒಂದು ತೋಳಿನ ಮೇಲೆ ಕಂಬದಂತೆ ನೆಟ್ಟಗೆ ನಿಲ್ಲಿಸುತ್ತಾರೆ, ಪಕ್ಕಕ್ಕೆ ಸರಿಸುತ್ತಾರೆ, ಮುಂದಿನ ಮೆಟ್ಟಿಲಿನ ಕಡೆಗೆ ಬಾಗಿಸಿ ಮತ್ತೆ ಎತ್ತುತ್ತಾರೆ. ಇದಕ್ಕೆ ಎರಡು ಲೆಕ್ಕ ಕೂಡಿ ಬರಬೇಕು.

ಮೊದಲನೆಯದು, ನಿಂತ ಸೋಫಾದ ಬುಡ ಆ ಸಮತಟ್ಟು ಜಾಗದಲ್ಲಿ ಕೂಡಬೇಕು. ಸೋಫಾದ ಆಳ 36 ಇಂಚು ಇದ್ದರೆ 40 ಇಂಚಿನ ಜಾಗದಲ್ಲಿ ಕೂಡುತ್ತದೆ, ಕೈ ಆಡಿಸಲು ನಾಲ್ಕು ಇಂಚು ಉಳಿಯುತ್ತದೆ. ಎರಡನೆಯದು, ನಿಲ್ಲಿಸುವಾಗ ಮೇಲಿನ ಮೂಲೆ ಸ್ಲ್ಯಾಬ್‌ಗೆ ತಾಗಬಾರದು. ನಿಂತ ಮೇಲಿನ ಎತ್ತರ ಸಾಲುವುದಿಲ್ಲ, ಏಳುವಾಗ ಮೂಲೆಯಿಂದ ಮೂಲೆಗಿನ ಓರೆ ಅಳತೆ ಬೇಕಾಗುತ್ತದೆ. ಉದ್ದ 84, ಆಳ 36 ಇದ್ದರೆ ಆ ಓರೆ ಸುಮಾರು 92 ಇಂಚು. ಲೆಕ್ಕ ಬೇಡ ಅನಿಸಿದರೆ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಿಂದ 84ಕ್ಕೆ 36ರ ಚೌಕ ಬರೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. 108ರಲ್ಲಿ 92 ಆರಾಮವಾಗಿ ಏಳುತ್ತದೆ. ಆದರೆ ಮೆಟ್ಟಿಲಿನ ಮೇಲೆ ತಗಡಿನ ಮಾಡು ಹಾಕಿದ ಮನೆಗಳಲ್ಲಿ ಈ ಎತ್ತರ ಏಳೂವರೆ ಅಡಿಗೇ ಮುಗಿದಿರುತ್ತದೆ. ಅಲ್ಲಿ ಮೂರು ಸೀಟಿನ ಸೋಫಾದ ಆಸೆ ಬಿಟ್ಟು, ಎರಡು ತುಂಡಾಗಿ ಬಂದು ಒಳಗೆ ಜೋಡಿಸುವಂಥದ್ದನ್ನು ನೋಡುವುದೇ ಸರಿ.

ಅಪಾರ್ಟ್‌ಮೆಂಟಿನವರು ಲಿಫ್ಟಿನ ಬಾಗಿಲು ಮತ್ತು ಒಳಗಿನ ಓರೆ ಅಳತೆ ತೆಗೆದುಕೊಳ್ಳಿ. ಲಿಫ್ಟ್ ಇದ್ದರೂ ಮೆಟ್ಟಿಲನ್ನು ಅಳೆಯಿರಿ, ಏಳು ಅಡಿಯ ವಸ್ತು ಸಣ್ಣ ಲಿಫ್ಟಿನಲ್ಲಿ ಹೋಗುವುದು ಕಷ್ಟ.

3. ಈಗ ವೆಬ್‌ಸೈಟಿನ ಅಳತೆಯ ಪಕ್ಕ ನಿಮ್ಮ ಅಳತೆ ಇಡಿ

ಸೋಫಾದ ಪುಟದಲ್ಲಿ ಉದ್ದ, ಆಳ, ಎತ್ತರ ಮೂರು ಅಂಕಿ ಇರುತ್ತವೆ. ಸೆಂಟಿಮೀಟರ್‌ನಲ್ಲಿದ್ದರೆ 2.54ರಿಂದ ಭಾಗಿಸಿ ಇಂಚು ಮಾಡಿಕೊಳ್ಳಿ. ಬಾಗಿಲಿನಲ್ಲಿ ಸೋಫಾ ಹೋಗುವುದು ಬೆನ್ನಿನ ಮೇಲೋ ಮಗ್ಗುಲಿಗೋ ತಿರುಗಿಸಿಕೊಂಡು. ಹಾಗಾಗಿ ಆಳ ಮತ್ತು ಎತ್ತರದಲ್ಲಿ ಯಾವುದು ಚಿಕ್ಕದೋ ಅದು ಬಾಗಿಲಿನ ಖಾಲಿ ಅಗಲಕ್ಕಿಂತ ಕಡಿಮೆ ಇರಬೇಕು. ಉದ್ದಕ್ಕೂ ಬಾಗಿಲಿನ ಅಗಲಕ್ಕೂ ಸಂಬಂಧವಿಲ್ಲ.

ಅಕ್ಕನ ಮೊದಲ ಸೋಫಾ 84 ಉದ್ದ, 36 ಆಳ, 33 ಎತ್ತರ. ಚಿಕ್ಕದು 33. ಬಾಗಿಲು ಇಪ್ಪತ್ತೊಂಬತ್ತೂವರೆ, ಕದ ಬಿಚ್ಚಿದರೂ 31. ಆರ್ಡರ್ ಮಾಡುವ ಮೊದಲೇ ಅದು ಸಿಕ್ಕಿಕೊಂಡಾಗಿತ್ತು.

ಎರಡನೆಯ ಸೋಫಾದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಒಂದೇ, ಅದರ ಕಾಲುಗಳು ತಿರುಪಿ ಬಿಚ್ಚುವಂಥವು, 5 ಇಂಚಿನವು. ಕಾಲು ತೆಗೆದರೆ 33 ಇದ್ದದ್ದು 28 ಆಯಿತು. ಇಪ್ಪತ್ತೊಂಬತ್ತೂವರೆಯ ಬಾಗಿಲಲ್ಲಿ ಒಂದೂವರೆ ಇಂಚು ಉಳಿಯಿತು, ಕದವನ್ನು ಬಿಜಾಗರಿಯಿಂದ ಬಿಚ್ಚಿದರೆ ಮೂರು ಇಂಚು. ಕಾಲು ಬಿಚ್ಚಲು ಬರುತ್ತದೆಯೇ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಮಾರಾಟಗಾರರನ್ನು ಚಾಟ್‌ನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ಪ್ಯಾಕಿಂಗ್. ಪುಟದಲ್ಲಿರುವುದು ಸೋಫಾದ ಅಳತೆ, ಪೆಟ್ಟಿಗೆಯದ್ದಲ್ಲ. ಥರ್ಮೊಕೋಲ್, ರಟ್ಟು ಸೇರಿ ಎರಡರಿಂದ ನಾಲ್ಕು ಇಂಚು ಬೆಳೆಯಬಹುದು. ಅಷ್ಟು ಜಾಗ ನಿಮ್ಮ ಬಾಗಿಲಲ್ಲಿ ಇಲ್ಲದಿದ್ದರೆ ಪ್ಯಾಕಿಂಗ್ ಹೊರಗೇ ಬಿಚ್ಚಬೇಕಾಗುತ್ತದೆ. ಅದನ್ನು ಮೊದಲೇ ತಿಳಿದುಕೊಂಡಿರಿ, ಮಳೆಗಾಲದಲ್ಲಿ ಅದು ಸಣ್ಣ ಮಾತಲ್ಲ.

ವಾರ್ಡ್‌ರೋಬ್ ತರಿಸುವವರಿಗೆ ಬಾಗಿಲಿನ ಚಿಂತೆ ಕಡಿಮೆ, ಅದು ಬಿಡಿ ಹಲಗೆಗಳಾಗಿ ಬರುತ್ತದೆ. ಅಲ್ಲಿ ಸಿಕ್ಕಿಕೊಳ್ಳುವುದು ಲಾಫ್ಟ್‌ಗೆ. ಹಲವನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸುತ್ತಾರೆ. 84 ಎತ್ತರ, 24 ಆಳದ ವಾರ್ಡ್‌ರೋಬ್ ಏಳಬೇಕಾದರೆ ಎಂಬತ್ತೇಳೂವರೆ ಇಂಚು ಬೇಕು. ಅದನ್ನು ಎತ್ತುವ ಜಾಗದ ಮೇಲೆ 86 ಇಂಚಿಗೆ ಲಾಫ್ಟ್ ಇದ್ದರೆ, ನಿಂತ ವಾರ್ಡ್‌ರೋಬ್ ಕೆಳಗೆ ಹಿಡಿಯುತ್ತದೆ, ಎತ್ತುವಾಗ ಮಾತ್ರ ಮೂಲೆ ತಾಗುತ್ತದೆ.

ಹಣ ಕಟ್ಟುವ ಮೊದಲು ಪತ್ರಿಕೆ ಅಥವಾ ರಟ್ಟಿನಿಂದ ಸೋಫಾದ ಬುಡದ ಅಳತೆಗೆ ಒಂದು ತುಂಡು ಕತ್ತರಿಸಿ, ಮೆಟ್ಟಿಲು ತಿರುವಿನಲ್ಲಿ ಹಿಡಿದು ನೋಡಿ. ಹತ್ತು ನಿಮಿಷದ ಕೆಲಸ.

4. ಗಾಡಿ ಎಲ್ಲಿ ನಿಲ್ಲುತ್ತದೆ, ಹೊರುವವರು ಯಾರು

ಮೊದಲು ಪಿನ್‌ಕೋಡ್ ಹಾಕಿ ನೋಡಿ. ಸಾಮಾನು ಬರುವುದು ಬೇರೆ, ಜೋಡಿಸುವ ಜನ ಬರುವುದು ಬೇರೆ. ಹುಬ್ಬಳ್ಳಿಗೆ ಎರಡೂ ಇರುವ ಮಾರಾಟಗಾರರೇ ಗದಗಿನ 582101ಕ್ಕೋ ಹಾವೇರಿಯ 581110ಕ್ಕೋ ಸಾಮಾನು ಮಾತ್ರ ಕಳಿಸುವುದುಂಟು.

ಹಳೇ ಹುಬ್ಬಳ್ಳಿಯ ಓಣಿಯಲ್ಲೋ ದುರ್ಗದಬೈಲ್ ಹಿಂದಿನ ಸಂದಿಯಲ್ಲೋ ಮನೆ ಇದ್ದರೆ, ದೊಡ್ಡ ಗಾಡಿ ಎಲ್ಲಿ ತನಕ ಬರುತ್ತದೆ, ಅಲ್ಲಿಂದ ಬಾಗಿಲಿಗೆ ಎಷ್ಟು ದೂರ ಎಂದು ನಡೆದು ನೋಡಿ. ಜೋತುಬಿದ್ದ ಕರೆಂಟ್ ತಂತಿಗಳನ್ನೂ ಗಮನಿಸಿ. ಬಿಆರ್‌ಟಿಎಸ್ ರಸ್ತೆಯ ಪಕ್ಕದವರು ಯಾವ ದಿಕ್ಕಿನಿಂದ ಬರಬೇಕು ಎಂದು ಚಾಲಕರಿಗೆ ಮೊದಲೇ ಹೇಳಿ. ನಡುವೆ ಬಸ್ ಪಥಕ್ಕೆ ಬೇಲಿ ಇರುವುದರಿಂದ ಎದುರು ಬದಿಯಲ್ಲಿ ನಿಂತ ಗಾಡಿ ಸುತ್ತಿ ಬರಬೇಕಾಗುತ್ತದೆ. ಗಣೇಶ ಹಬ್ಬದ ಪೆಂಡಾಲ್ ಓಣಿಗೆ ಅಡ್ಡ ಇರುವ ದಿನಗಳಲ್ಲಿ ಡೆಲಿವರಿ ಇಟ್ಟುಕೊಳ್ಳಬೇಡಿ.

ಆಮೇಲೆ ಹೊರುವ ಮಾತು. ಷರತ್ತಿನಲ್ಲಿ "ಡೋರ್‌ಸ್ಟೆಪ್ ಡೆಲಿವರಿ" ಎಂದಿದ್ದರೆ ಅದು ನಿಮ್ಮ ಮಹಡಿಯ ಬಾಗಿಲೋ, ಕಟ್ಟಡದ ಗೇಟೋ ಕೇಳಿ ತಿಳಿದುಕೊಳ್ಳಿ. ಲಿಫ್ಟ್ ಇಲ್ಲದ ಕಡೆ ಮಹಡಿಗೆ ಇಷ್ಟು ಎಂದು ಬೇರೆ ಹಣ ಕೇಳುವವರಿದ್ದಾರೆ, ಗೇಟಿನಲ್ಲೇ ಇಳಿಸಿ ಹೋಗುವವರೂ ಇದ್ದಾರೆ. ಗಾಡಿಯ ಜೊತೆ ಚಾಲಕ ಮತ್ತು ಒಬ್ಬ ಸಹಾಯಕ ಮಾತ್ರ ಬಂದರೆ 50-60 ಕೆ.ಜಿ. ಸೋಫಾವನ್ನು ತಿರುವಿನಲ್ಲಿ ನಿಲ್ಲಿಸಲು ಕೈ ಸಾಲುವುದಿಲ್ಲ. ಅಕ್ಕ ಎರಡನೇ ಸಲ ಇಬ್ಬರು ಹಮಾಲರಿಗೆ ಹಿಂದಿನ ದಿನವೇ ಹೇಳಿಟ್ಟಿದ್ದಳು, ಕೂಲಿಯನ್ನೂ ಮಾತಾಡಿದ್ದಳು. ಸಾಮಾನು ಗೇಟಿಗೆ ಬಂದ ಮೇಲೆ ಮಾತಾಡಿದರೆ ಆ ದರ ಸಿಗುವುದಿಲ್ಲ.

5. ಜೋಡಣೆಯ ಷರತ್ತಿನಲ್ಲಿ ಅಡಗಿರುವ ಗಂಟು

"ಉಚಿತ ಜೋಡಣೆ" ಎಂಬ ಎರಡು ಪದ ಓದಿ ನಿಲ್ಲಿಸಬೇಡಿ. ಗೋಡೆಗೆ ತೂತು ಕೊರೆಯುವುದು, ಹಳೆಯ ಮಂಚ ಬಿಚ್ಚುವುದು, ಪ್ಯಾಕಿಂಗ್ ಕಸ ಒಯ್ಯುವುದು ಅದರಲ್ಲಿ ಸೇರಿರುವುದು ಕಡಿಮೆ. ಇವು ಸಣ್ಣವು, ಕೇಳಿದರೆ ಉತ್ತರ ಸಿಗುತ್ತದೆ.

ನಿಜವಾಗಿ ಜನ ಸೋಲುವುದು ದಿನಗಳ ಲೆಕ್ಕದಲ್ಲಿ. ಸಾಮಾನು ತರುವವರು ಒಂದು ದಿನ ಬರುತ್ತಾರೆ, ಜೋಡಿಸುವ ಬಡಿಗೇರರು ಎರಡು-ಮೂರು ದಿನ ಬಿಟ್ಟು. "ನಮ್ಮವರು ಬರುವ ತನಕ ಪೆಟ್ಟಿಗೆ ತೆರೆಯಬೇಡಿ" ಎಂದು ಒಂದು ಷರತ್ತು ಹೇಳುತ್ತದೆ. "ಹಾನಿ ಇದ್ದರೆ ಡೆಲಿವರಿ ಆದ 48 ಗಂಟೆಯೊಳಗೆ ತಿಳಿಸಿ" ಎಂದು ಇನ್ನೊಂದು ಷರತ್ತು. ಸೋಮವಾರ ಬಂದ ಪೆಟ್ಟಿಗೆಯನ್ನು ಗುರುವಾರ ತೆರೆದಾಗ ಒಡೆದ ಹಲಗೆ ಸಿಕ್ಕರೆ, ಗಡುವು ಬುಧವಾರಕ್ಕೇ ಮುಗಿದಿರುತ್ತದೆ.

ಹಾಗಾಗಿ ಹಣ ಕಟ್ಟುವ ಮೊದಲೇ ಚಾಟ್‌ನಲ್ಲಿ ಹೀಗೆ ಕೇಳಿ: "ಪೆಟ್ಟಿಗೆ ತೆರೆಯುವವರು ನಿಮ್ಮ ಬಡಿಗೇರರೇ ಆದರೆ, ಹಾನಿ ತಿಳಿಸುವ ಗಡುವು ಡೆಲಿವರಿ ದಿನದಿಂದಲೋ, ಜೋಡಣೆಯ ದಿನದಿಂದಲೋ?" ಬರಹದಲ್ಲಿ ಉತ್ತರ ಬರಲಿ. ಉತ್ತರ ಬಾರದಿದ್ದರೆ ಅಥವಾ "ಅದೆಲ್ಲ ಆಗುತ್ತದೆ ಮೇಡಂ" ಎಂದು ಫೋನಿನಲ್ಲಿ ಮಾತ್ರ ಹೇಳಿದರೆ, ಅವರನ್ನು ಬಿಟ್ಟುಬಿಡಿ. ನನ್ನ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯ ಗಂಟೆ ಇನ್ನೊಂದಿಲ್ಲ. "ಅಳತೆ ಹೊಂದದೆ ವಾಪಸ್ ಮಾಡಿದರೆ ಎಷ್ಟು ಮುರಿದುಕೊಳ್ಳುತ್ತೀರಿ" ಎಂದೂ ಅದೇ ಚಾಟ್‌ನಲ್ಲಿ ಕೇಳಿಬಿಡಿ.

6. ಡೆಲಿವರಿಯ ದಿನ ಬೆಳಿಗ್ಗೆ

ತಿರುವಿನ ಚಪ್ಪಲಿ ಸ್ಟ್ಯಾಂಡು, ಕುಂಡ, ಸೈಕಲ್ ತೆಗೆಯಿರಿ. ಕದ ಬಿಚ್ಚಬೇಕಿದ್ದರೆ ಬೆಳಿಗ್ಗೆಯೇ ಬಿಚ್ಚಿ, ಬಿಜಾಗರಿಯ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಇಡಿ. ಬಾಡಿಗೆಯವರು ಮಾಲೀಕರಿಗೆ ಒಂದು ಮಾತು ಹೇಳಿರಬೇಕು. ಹಾಲ್‌ನಲ್ಲಿ ಸೋಫಾ ಇಳಿಸುವ ಜಾಗಕ್ಕೆ ಜಮಖಾನ ಹಾಸಿ. ಮನೆಯಲ್ಲಿ ವಯಸ್ಸಾದವರೊಬ್ಬರೇ ಇರುವ ದಿನ ಡೆಲಿವರಿ ಬೇಡ, ನೋಡಿ ಪರೀಕ್ಷಿಸುವವರು ಒಬ್ಬರಾದರೂ ಇರಲಿ.

7. ಓಟಿಪಿ ಕೊಡುವ ಮುನ್ನ ನೋಡಬೇಕಾದದ್ದು

ಓಟಿಪಿ ಕೊಡುವುದೆಂದರೆ "ಸರಿಯಾಗಿ ಮುಟ್ಟಿದೆ" ಎಂದು ಸಹಿ ಹಾಕಿದ ಹಾಗೆ. "ಅಕ್ಕಾರ, ಲಗೂ ಓಟಿಪಿ ಹೇಳ್ರಿ, ಇನ್ನ ನಾಕ್ ಡೆಲಿವರಿ ಅದಾವ" ಎಂದು ಅವಸರ ಮಾಡುತ್ತಾರೆ. ಅವರ ಅವಸರ ಸುಳ್ಳಲ್ಲ, ಅವರೂ ದುಡಿಯುವವರೇ. ಒಂದು ಲೋಟ ನೀರು ಕೊಟ್ಟು, ಐದು ನಿಮಿಷ ಕೇಳಿ.

ಪೆಟ್ಟಿಗೆ ಗಾಡಿಯಿಂದ ಇಳಿಯುತ್ತಲೇ ಫೋನಿನಲ್ಲಿ ವಿಡಿಯೋ ಶುರು ಮಾಡಿ. ಮೊದಲು ಚೀಟಿ, ಆಮೇಲೆ ಆರೂ ಬದಿ, ನಡುವೆ ನಿಲ್ಲಿಸದೆ. ಮೂರರಲ್ಲಿ ಒಂದು, ಮೂರರಲ್ಲಿ ಎರಡು ಎಂದು ಚೀಟಿಯಲ್ಲಿ ಇದ್ದರೆ ಪೆಟ್ಟಿಗೆಗಳನ್ನು ಎಣಿಸಿ. ಮೂಲೆಗಳನ್ನು ಬೆರಳಿಂದ ಒತ್ತಿ ನೋಡಿ. ರಟ್ಟು ಮೆತ್ತಗಾಗಿದ್ದರೆ ನೀರು ತಾಗಿದೆ, ಜಜ್ಜಿದ್ದರೆ ಬಿದ್ದಿದೆ. ಒಣಗಿದ ನೀರಿನ ಕಲೆ ಕಂದು ಗೆರೆಯಾಗಿ ಕಾಣುತ್ತದೆ. ಟೇಪಿನ ಮೇಲೆ ಬೇರೆ ಬಣ್ಣದ ಟೇಪು ಅಂಟಿಸಿದ್ದರೆ ಯಾರೋ ಒಮ್ಮೆ ತೆರೆದಿದ್ದಾರೆ.

ಸೋಫಾ ಆದರೆ ಪ್ಯಾಕಿಂಗ್ ಬಿಚ್ಚಿ ನೋಡುವುದು ಅವರಿದ್ದಾಗಲೇ ಆಗಲಿ. ಬಟ್ಟೆಯ ಹೊಲಿಗೆಗಳ ಮೇಲೆ ಅಂಗೈ ಸವರಿ. ತಲೆಕೆಳಗು ಮಾಡಿಸಿ, ಅಡಿಯ ಕಪ್ಪು ಬಟ್ಟೆ ಹರಿದಿದೆಯೇ, ಕಾಲಿನ ತಿರುಪಿನ ತೂತಿನ ಸುತ್ತ ಕಟ್ಟಿಗೆ ಸೀಳಿದೆಯೇ ನೋಡಿ. ಕೊನೆಗೆ ಒಂದು ಪರೀಕ್ಷೆ. ಕಾಲು ಹಾಕಿ ನೆಲಕ್ಕಿಟ್ಟು, ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿ. ಚೌಕಟ್ಟು ಗಟ್ಟಿ ಇದ್ದರೆ ಮುಂದಿನ ಇನ್ನೊಂದು ಕಾಲೂ ಜೊತೆಗೇ ನೆಲ ಬಿಡುತ್ತದೆ. ಅದು ನೆಲಕ್ಕೇ ಕಚ್ಚಿಕೊಂಡು ಸೋಫಾ ನಡುವೆ ತಿರುಚಿದರೆ, ಒಳಗಿನ ಕಟ್ಟಿಗೆ ಬಿರುಕು ಬಿಟ್ಟಿದೆ ಅಥವಾ ಜೋಡಣೆ ಸಡಿಲ. ಹೊರಗಿನ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಇಟ್ಟುಕೊಳ್ಳಬೇಡಿ.

ವಾರ್ಡ್‌ರೋಬ್ ಹಲಗೆಗಳಲ್ಲಿ ಅಂಚು ಮತ್ತು ಮೂಲೆ ನೋಡಿದರೆ ಸಾಕು. ಅಂಚು ಉಬ್ಬಿದ್ದರೆ ಪಾರ್ಟಿಕಲ್ ಬೋರ್ಡ್ ನೀರು ಕುಡಿದಿದೆ, ಒಣಗಿದರೂ ಅದು ಮೊದಲಿನಂತಾಗುವುದಿಲ್ಲ.

ಪೆಟ್ಟಿಗೆ ತೆರೆಯಲು ಬಿಡದಿದ್ದರೆ, ಹೊರಗೆ ಕಂಡದ್ದನ್ನು ಡೆಲಿವರಿ ಚೀಟಿಯ ಮೇಲೆ ಬರೆದೇ ಸಹಿ ಮಾಡಿ: "ಬಲಗಡೆ ಮೂಲೆ ಜಜ್ಜಿದೆ, ಒಳಗಿನ ವಸ್ತು ನೋಡಿಲ್ಲ." ಕಾಗದವೇ ಇಲ್ಲದಿದ್ದರೆ, ಗಾಡಿ ಓಣಿ ದಾಟುವ ಮೊದಲೇ ಅದೇ ಸಾಲನ್ನು ಫೋಟೋ ಸಮೇತ ಆ್ಯಪಿನಲ್ಲಿ ಕಳಿಸಿ. ಹಾನಿ ಎದ್ದು ಕಾಣುವಷ್ಟಿದ್ದರೆ ಓಟಿಪಿ ಕೊಡದೆ ವಾಪಸ್ ಕಳಿಸುವುದೇ ಸುಲಭ. ಒಳಗೆ ತೆಗೆದುಕೊಂಡ ಸೋಫಾವನ್ನು ಮತ್ತೆ ಆ ತಿರುವಿನಲ್ಲಿ ಇಳಿಸುವವರು ಯಾರು?

8. ಆಮೇಲೆ ಹಾನಿ ಕಂಡರೆ

ಜೋಡಣೆಯನ್ನು ಅಲ್ಲಿಗೇ ನಿಲ್ಲಿಸಿ. ಅರ್ಧ ಜೋಡಿಸಿದ ಮೇಲೆ "ಜೋಡಿಸುವಾಗ ಒಡೆದದ್ದು" ಎಂಬ ವಾದ ಬರುತ್ತದೆ. ದೂರನ್ನು ಆ್ಯಪಿನಲ್ಲಿ ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಫೋನಿನ ಮಾತು ದೂರಲ್ಲ.

2020ರ ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತಿರದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ಬಂದಿದೆ ಎಂದು ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರರ ಕಚೇರಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ಬಾಗಿಲಿನಲ್ಲಿ ಹಿಡಿಯಲಿಲ್ಲ ಎಂಬುದು ದೋಷವಲ್ಲ, ಅದಕ್ಕೆ ಈ ನಿಯಮ ನೆರವಿಗೆ ಬರುವುದಿಲ್ಲ.

ವಾಪಸಾತಿಯ ಗಡುವು ಮುಗಿಯುವ ತನಕ ಪೆಟ್ಟಿಗೆ, ಥರ್ಮೊಕೋಲ್ ರದ್ದಿಯವರಿಗೆ ಕೊಡಬೇಡಿ. ಮೂಲ ಪ್ಯಾಕಿಂಗ್ ಇಲ್ಲವೆಂದು ಒಯ್ಯಲು ಬಂದವರು ಬರಿಗೈಯಲ್ಲಿ ಹಿಂದಿರುಗುವುದುಂಟು. ರಟ್ಟನ್ನು ಮಡಚಿ ಮಂಚದ ಕೆಳಗೆ ತಳ್ಳಿಡಿ, ಚೀಟಿ ಅಂಟಿಸಿದ ಬದಿ ಹರಿಯದಂತೆ ನೋಡಿಕೊಳ್ಳಿ.